ಲಾರಿ ಬಂತು: ಯಾವ ಲಾರಿ?

"ಮೇಡಂ, ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಬೇರೆ ರಾಜ್ಯದ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಕಳಿಸಬೇಕು. ಎಲ್ಲಿ ಎ, ಎಲ್ಲಿ ಆ್ಯನ್, ಎಲ್ಲಿ ದ ಅಂತ ಗೊತ್ತಾಗೋದೇ ಇಲ್ಲ, ಅಂದಾಜಿನಲ್ಲಿ ಹಾಕ್ತೀನಿ. ಮೊದಲ ಸಲ ಎ, ಎರಡನೇ ಸಲ ದ ಅಂತ ಶಾಲೆಯಲ್ಲಿ ಕಲಿಸಿದ್ರು, ಅದು ಎಲ್ಲ ಕಡೆ ಸರಿ ಹೋಗಲ್ಲ. ಕನ್ನಡದಲ್ಲಿ ಇಲ್ಲದೇ ಇರೋದನ್ನ ಹೇಗೆ ಕಲಿಯೋದು? ನಾನು ಬರೆದ ಒಂದು ಮೇಲ್ ಜೊತೆಗೆ ಕಳಿಸಿದ್ದೀನಿ."

ಕನ್ನಡದಲ್ಲಿ ಆ ಪದಗಳು ಇಲ್ಲ, ನಿಜ. ಆದರೆ ಆ ಪದಗಳು ಮಾಡುವ ಕೆಲಸ ಕನ್ನಡದಲ್ಲಿ ಇದೆ. ನೀವು ಅದನ್ನು ದಿನಾ ಮಾಡುತ್ತಿದ್ದೀರಿ. ನಾನು ಬಳ್ಳಾರಿಯಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಒಂದೇ ಬೆಂಚಿನಲ್ಲಿ ಕನ್ನಡ, ತೆಲುಗು, ಉರ್ದು ಮಾತಾಡುವ ಮಕ್ಕಳು ಕೂತಿರುತ್ತಿದ್ದರು. ಆ ಮೂರು ಭಾಷೆಗಳಲ್ಲೂ ದ ಎಂಬ ಪದಕ್ಕೆ ಜೋಡಿ ಇಲ್ಲ. ಅವರಿಗೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ಇಂಗ್ಲಿಷಿನ ಪ್ರಶ್ನೆ ಅಲ್ಲ, ಅವರ ಮನೆಮಾತಿನ ಪ್ರಶ್ನೆ. ನಿಮಗೂ ಅದನ್ನೇ ಕೇಳುತ್ತೇನೆ.

ಈ ಎರಡು ವಾಕ್ಯಗಳನ್ನು ಬಾಯಿಬಿಟ್ಟು ಹೇಳಿ ನೋಡಿ. "ಗೇಟಿನ ಹತ್ತಿರ ಲಾರಿ ನಿಂತಿದೆ." "ಲಾರಿ ಗೇಟಿನ ಹತ್ತಿರ ನಿಂತಿದೆ." ಪದಗಳು ಅವೇ, ಜಾಗ ಮಾತ್ರ ಬೇರೆ. ಮೊದಲನೆಯದನ್ನು ಯಾವಾಗ ಹೇಳುತ್ತೀರಿ? ಯಾವುದೋ ಒಂದು ಲಾರಿ ಬಂದು ನಿಂತಾಗ, ಮಾಲೀಕರಿಗೆ ಅದು ಹೊಸ ಸುದ್ದಿ ಆಗಿದ್ದಾಗ. ಎರಡನೆಯದನ್ನು? ಮಾಲೀಕರು ಬೆಳಗಿನಿಂದ ಒಂದು ಲಾರಿಗೆ ಕಾಯುತ್ತಿದ್ದಾರೆ, "ಲಾರಿ ಎಲ್ಲಿ?" ಅಂತ ಕೇಳಿದ್ದಾರೆ, ಆಗ. ಮೊದಲನೆಯದು ಇಂಗ್ಲಿಷಿನಲ್ಲಿ "ದೇರ್ ಈಸ್ ಎ ಲಾರಿ ನಿಯರ್ ದ ಗೇಟ್". ಎರಡನೆಯದು "ದ ಲಾರಿ ಈಸ್ ನಿಯರ್ ದ ಗೇಟ್". ಲಾರಿ ಹಿಂದೆ ಬಂದರೆ ಎ, ಮುಂದೆ ಬಂದರೆ ದ. ನಾವು ಪದದ ಜಾಗದಿಂದ ಹೇಳುವುದನ್ನು ಅವರು ಒಂದು ಸಣ್ಣ ಪದ ಇಟ್ಟು ಹೇಳುತ್ತಾರೆ, ಅಷ್ಟೇ.

ಇನ್ನೊಂದು ಗುರುತೂ ಇದೆ. "ಹಮಾಲ ಚೀಲ ಹೊತ್ತ" ಅಂದರೆ ಚೀಲ ಹೊರುವ ಕೆಲಸ ಮಾಡಿದ ಅಂತ. "ಹಮಾಲ ಚೀಲವನ್ನು ಹೊತ್ತ" ಅಂದಾಗ ಯಾವ ಚೀಲ ಅಂತ ಕೇಳುವವನಿಗೆ ಮೊದಲೇ ಗೊತ್ತಿರುತ್ತದೆ. ಆ "ಅನ್ನು" ಬಹಳ ಸಲ ಇಂಗ್ಲಿಷಿನ ದ ಕಡೆಗೆ ಕೈ ತೋರಿಸುತ್ತದೆ. ಆದರೆ ಇದಕ್ಕೆ ಒಂದು ಮಿತಿ ಇದೆ. ಮನುಷ್ಯರ ವಿಷಯದಲ್ಲಿ ಇದು ಕೈ ಕೊಡುತ್ತದೆ. "ಡ್ರೈವರನ್ನು ಹುಡುಕುತ್ತಿದ್ದೇವೆ" ಅಂದರೆ ಓಡಿಹೋದ ಡ್ರೈವರೂ ಆಗಬಹುದು, ಕೆಲಸಕ್ಕೆ ಬೇಕಾದ ಯಾರೋ ಒಬ್ಬ ಡ್ರೈವರೂ ಆಗಬಹುದು. ಮನುಷ್ಯರಿಗೆ ನಾವು ಹೇಗಿದ್ದರೂ "ಅನ್ನು" ಹಚ್ಚುತ್ತೇವೆ. ಅದಕ್ಕೇ ಎಲ್ಲ ಕಡೆ ನಡೆಯುವ ಪರೀಕ್ಷೆ ಬೇರೆ ಬೇಕು.

ಆ ಪರೀಕ್ಷೆ ಒಂದೇ ಪ್ರಶ್ನೆ. ನಿಮ್ಮ ಮೇಲ್ ಓದುವ ಮನುಷ್ಯ ಆ ಪದಕ್ಕೆ ಬಂದಾಗ "ಯಾವುದು?" ಅಂತ ತಡೆಯುತ್ತಾನಾ? ತಡೆಯದೆ ಮುಂದೆ ಹೋದರೆ ದ. ಅವನಿಗೆ ಯಾವುದು ಅಂತ ಗೊತ್ತಾಗುವ ದಾರಿ ಇಲ್ಲದಿದ್ದರೆ ದ ಅಲ್ಲ. ನಿಮಗೆ ಗೊತ್ತಿದೆಯಾ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಇಲ್ಲೇ ನಮ್ಮವರು ಜಾಸ್ತಿ ಎಡವುವುದು. ನೀವು ಸೋಮವಾರ ಕಳಿಸಿದ ಲಾರಿಯ ನಂಬರ್ ಕೂಡ ನಿಮಗೆ ಗೊತ್ತು. ಆದರೆ ಓದುವವನಿಗೆ ಆ ಲಾರಿ ಹೊಸದು. ಆದ್ದರಿಂದ "ಎ ಲಾರಿ".

ಹಾಗೇ ಇನ್ನೊಂದು ಗಂಟನ್ನು ಬಿಚ್ಚಿಬಿಡೋಣ. ದ ಅಂದರೆ ಕನ್ನಡದ "ಆ" ಅಂತ ಬಹಳ ಜನ ಕಲಿತಿರುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ದ ಹುಟ್ಟಿದ್ದು "ಅದು", "ಆ" ಅನ್ನುವ ಪದಗಳ ಮನೆಯಿಂದಲೇ, ಅದು ಸರಿ. ಆದರೆ ಮನೆ ಬಿಟ್ಟು ಬಹಳ ದೂರ ಬಂದಿದೆ. "ಸೂರ್ಯ ಹುಟ್ಟಿದ" ಅನ್ನುತ್ತೇವೆ, "ಆ ಸೂರ್ಯ ಹುಟ್ಟಿದ" ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಅಲ್ಲಿ ದ ಬೇಕೇ ಬೇಕು. "ಆ" ಬಂದ ಕಡೆ ಮಾತ್ರ ದ ಹಾಕುತ್ತಾ ಹೋದರೆ ಹಾಕಬೇಕಾದ ಮುಕ್ಕಾಲು ಪಾಲು ಬಿಟ್ಟುಹೋಗುತ್ತದೆ.

ಈಗ "ಮೊದಲ ಸಲ ಎ, ಎರಡನೇ ಸಲ ದ" ಅನ್ನುವ ಶಾಲೆಯ ಪಾಠಕ್ಕೆ ಬರೋಣ. ಅದು ಸುಳ್ಳಲ್ಲ, ಅರ್ಧ ಮಾತ್ರ. ಓದುವವನಿಗೆ ಯಾವುದು ಅಂತ ಗೊತ್ತಾಗಲು ಹಲವು ದಾರಿಗಳಿವೆ, ಒಮ್ಮೆ ಹೇಳಿರುವುದು ಅದರಲ್ಲಿ ಒಂದು ಅಷ್ಟೇ. ಉಳಿದ ದಾರಿಗಳನ್ನು ತೋರಿಸಲು ನಿಮಗೆ ಚೆನ್ನಾಗಿ ನೆನಪಿರುವ ಒಂದು ಘಟನೆ ತೆಗೆದುಕೊಳ್ಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ. ಎಡದಂಡೆ ಕಾಲುವೆಯ ನೀರು ನಂಬಿದ ನಿಮ್ಮ ಊರಿನವರು ಆ ರಾತ್ರಿ ನಿದ್ದೆ ಮಾಡಿರಲಿಕ್ಕಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಳೋಣ.

"ಎ ಗೇಟ್ ಆಫ್ ದ ಡ್ಯಾಮ್ ವಾಸ್ ವಾಷ್ಡ್ ಅವೇ. ದ ಚೈನ್ ಹ್ಯಾಡ್ ಸ್ನ್ಯಾಪ್ಡ್. ದ ಗೇಟ್ ದಟ್ ಬ್ರೋಕ್ ವಾಸ್ ದ ನೈನ್‌ಟೀಂತ್."

ಮೊದಲು ಡ್ಯಾಮ್. ಅದನ್ನು ಹೇಳುತ್ತಿರುವುದು ಅದೇ ಮೊದಲ ಸಲ. ಆದರೂ ದ. ಯಾಕೆ? ಕೊಪ್ಪಳ, ಬಳ್ಳಾರಿ, ರಾಯಚೂರಿನಲ್ಲಿ "ಡ್ಯಾಮ್ ತುಂಬಿತು" ಅಂದರೆ ಯಾರೂ ಯಾವ ಡ್ಯಾಮ್ ಅಂತ ಕೇಳುವುದಿಲ್ಲ. ಮಾತಾಡುವವರ ನಡುವೆ ಇರುವುದು ಒಂದೇ. ಇದೇ ಮಾತನ್ನು ಮಂಡ್ಯದವರಿಗೆ ಹೇಳಿದರೆ ಅವರ ತಲೆಯಲ್ಲಿ ಬೇರೆ ಡ್ಯಾಮ್ ಬರುತ್ತದೆ. ಅವರಿಗೆ ಹೆಸರು ಹೇಳಿಯೇ ಶುರು ಮಾಡಬೇಕು, "ದ ತುಂಗಭದ್ರಾ ಡ್ಯಾಮ್" ಅಂತ. ಹಾಗಾಗಿ ದ ಸರಿಯೋ ತಪ್ಪೋ ಅನ್ನುವುದು ಯಾರಿಗೆ ಬರೆಯುತ್ತಿದ್ದೀರಿ ಅನ್ನುವುದರ ಮೇಲೂ ನಿಂತಿದೆ.

ಆಮೇಲೆ ಗೇಟು. ಅಲ್ಲಿ "ಎ ಗೇಟ್ ಆಫ್ ದ ಡ್ಯಾಮ್" ಅಂತ ಬರೆದೆ. ಆಫ್ ಬಂದರೆ ದ ಹಾಕಲೇಬೇಕು ಅಂತ ಎಷ್ಟೋ ಜನ ಹೇಳುತ್ತಾರೆ. ಅದು ನಿಲ್ಲುವುದಿಲ್ಲ. ಆ ಡ್ಯಾಮಿಗೆ 33 ಗೇಟುಗಳಿವೆ. ಬರೀ ಗೇಟು ಅಂದರೆ 33ರಲ್ಲಿ ಯಾವುದು ಅಂತ ಕೇಳುವವನಿಗೆ ತಿಳಿಯಲ್ಲ, ಆದ್ದರಿಂದ ಎ. ನಿಮ್ಮ ಮಿಲ್ಲಿಗೆ ಒಂದೇ ಗೇಟು ಇದ್ದರೆ ಅದು "ದ ಗೇಟ್ ಆಫ್ ದ ಮಿಲ್". ವಾಕ್ಯದ ಕಟ್ಟು ಒಂದೇ, ಗೇಟುಗಳ ಎಣಿಕೆ ಬೇರೆ. ವ್ಯಾಕರಣದ ಪುಸ್ತಕ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ, ಡ್ಯಾಮಿನ ಮೇಲೆ ನಿಂತು ನೋಡಬೇಕು.

ಇನ್ನು ಚೈನ್. ಇದು ನನಗೆ ಬಹಳ ಇಷ್ಟವಾದ ಜಾಗ. ಚೈನ್ ಬಗ್ಗೆ ಅಲ್ಲಿಯವರೆಗೆ ಒಂದು ಮಾತೂ ಆಡಿಲ್ಲ. ಶಾಲೆಯ ಪಾಠದ ಪ್ರಕಾರ ಅಲ್ಲಿ ಎ ಬರಬೇಕಿತ್ತು. ಆದರೆ ದ ಬಂದಿದೆ. ಗೇಟು ಅಂದ ಕೂಡಲೇ ಅದನ್ನು ಎತ್ತುವ ಇಳಿಸುವ ಚೈನ್ ಕೇಳುವವನ ಮನಸ್ಸಿಗೆ ಜೊತೆಯಲ್ಲೇ ಬಂದುಬಿಡುತ್ತದೆ. ಮದುವೆ ಅಂದರೆ ಮದುಮಗಳು, ಬಸ್ಸು ಅಂದರೆ ಕಂಡಕ್ಟರ್, ಮನೆ ಅಂದರೆ ಬಾಗಿಲು. ಒಂದು ವಸ್ತುವಿನ ಹೆಸರು ಹೇಳಿದರೆ ಅದರ ಸಂಸಾರವೂ ಬರುತ್ತದೆ. ಕನ್ನಡದಲ್ಲೂ "ನಿನ್ನೆ ಒಂದು ಮದುವೆಗೆ ಹೋಗಿದ್ದೆ, ಮದುಮಗಳು ರಾಯಚೂರಿನವಳು" ಅನ್ನುತ್ತೇವೆ. "ಒಬ್ಬ ಮದುಮಗಳು ರಾಯಚೂರಿನವಳು" ಅಂದರೆ ಎಷ್ಟು ಮದುಮಗಳಿದ್ದರು ಅಂತ ಕೇಳುತ್ತಾರೆ ಅಲ್ವಾ? ಅದೇ ಕಿವಿ ಇಂಗ್ಲಿಷಿಗೂ ಸಾಕು.

ಕೊನೆಗೆ "ದ ಗೇಟ್ ದಟ್ ಬ್ರೋಕ್", ಮುರಿದ ಗೇಟು. ಮುರಿದದ್ದು ಒಂದೇ, ಆ ಮಾತೇ ಅದನ್ನು ಉಳಿದ 32ರಿಂದ ಬೇರೆ ಮಾಡಿ ತೋರಿಸುತ್ತದೆ. "ದ ನೈನ್‌ಟೀಂತ್" ಕೂಡ ಹಾಗೇ, ಹತ್ತೊಂಬತ್ತನೆಯದು ಅಂದರೆ ಒಂದೇ ಇರಲು ಸಾಧ್ಯ. ಆದರೆ "ಗೇಟ್ ನೈನ್‌ಟೀನ್" ಅಂತ ನಂಬರನ್ನೇ ಹೆಸರಾಗಿ ಹೇಳಿದರೆ ಏನೂ ಬೇಡ. ನಿಮ್ಮ ಕೆಲಸದಲ್ಲಿ ಇದು ದಿನಾ ಬರುತ್ತದೆ. "ಬಿಲ್ ನಂಬರ್ ಟ್ವೆಲ್ವ್" ಅಂದಾಗ ಮುಂದೆ ದ ಹಾಕಬೇಡಿ.

ದ ಅಲ್ಲ ಅಂತ ತೀರ್ಮಾನ ಆಯಿತು ಅನ್ನಿ. ಆಗ ಎ ಹಾಕಬೇಕಾ, ಖಾಲಿ ಬಿಡಬೇಕಾ? ಇಲ್ಲಿ ಕನ್ನಡ ನಮಗೆ ಸ್ವಲ್ಪ ಮೋಸ ಮಾಡುತ್ತದೆ. "ಚೀಲ ಬಂತು" ಅಂದರೆ ಒಂದು ಚೀಲ ಬಂದಿರಬಹುದು, ನೂರು ಬಂದಿರಬಹುದು. ನಾವು "ನೂರು ಚೀಲ" ಅನ್ನುತ್ತೇವೆಯೇ ಹೊರತು ಮಾತಿನಲ್ಲಿ "ನೂರು ಚೀಲಗಳು" ಅನ್ನುವುದು ಕಡಿಮೆ. ಇಂಗ್ಲಿಷಿನಲ್ಲಿ ಹಾಗೆ ತೇಲಿಬಿಡಲು ಬರುವುದಿಲ್ಲ. ಎಣಿಸುವ ವಸ್ತುವಾದರೆ ಒಂದೋ, ಜಾಸ್ತಿಯೋ ಅಂತ ಹೇಳಲೇಬೇಕು. ಒಂದಾದರೆ "ಎ ಬ್ಯಾಗ್", ಜಾಸ್ತಿಯಾದರೆ "ಬ್ಯಾಗ್ಸ್". ಬರೀ "ಬ್ಯಾಗ್" ಅಂತ ಒಂಟಿಯಾಗಿ ನಿಲ್ಲಿಸಿದರೆ ಆ ವಾಕ್ಯ ಒಂದು ಕಾಲಿನ ಮೇಲೆ ನಿಂತ ಹಾಗೆ. ನಮ್ಮವರು ಎ ಬಿಡುವುದು ಎ ಗೊತ್ತಿಲ್ಲದ್ದರಿಂದ ಅಲ್ಲ, ಎಣಿಕೆ ಹೇಳದೆ ಮಾತಾಡುವ ರೂಢಿಯಿಂದ. ಅದಕ್ಕೇ "ಅವನು ಕ್ಲರ್ಕ್" ಅನ್ನುವುದು "ಹಿ ಈಸ್ ಕ್ಲರ್ಕ್" ಆಗಿಬಿಡುತ್ತದೆ. ಅದು "ಹಿ ಈಸ್ ಎ ಕ್ಲರ್ಕ್" ಆಗಬೇಕು.

ಅಕ್ಕಿ, ನೀರು, ಹಣ, ಧೂಳು ಇವು ಎಣಿಸುವಂಥವಲ್ಲ, ಅಳೆಯುವಂಥವು. ಇವುಗಳ ಮುಂದೆ ಎ ಬರಲ್ಲ. ಅಕ್ಕಿ ಮಾರುತ್ತೇವೆ ಅಂದರೆ "ವಿ ಸೆಲ್ ರೈಸ್". ನೀವು ಕಳಿಸಿದ ಆ ಲೋಡಿನ ಅಕ್ಕಿ ಅಂದರೆ "ದ ರೈಸ್". ಚೀಲದ ಲೆಕ್ಕ ಬೇಕಾದರೆ "ಎ ಬ್ಯಾಗ್ ಆಫ್ ರೈಸ್", ಎ ಸೇರುವುದು ಚೀಲಕ್ಕೆ. ಇದು ನಿಮಗೆ ಸುಲಭ. ಕಷ್ಟ ಬೇರೆ ಕಡೆ ಇದೆ. ಕನ್ನಡದಲ್ಲಿ ನಾವು ಆರಾಮಾಗಿ ಎಣಿಸುವ ಕೆಲವನ್ನು ಇಂಗ್ಲಿಷ್ ಎಣಿಸುವುದಿಲ್ಲ. ಒಂದು ಸುದ್ದಿ, ಒಂದು ಸಲಹೆ, ಎರಡು ಮಾಹಿತಿ, ಒಂದು ಕೆಲಸ ಇದೆ ಅನ್ನುತ್ತೇವೆ. ಇಂಗ್ಲಿಷಿನ ನ್ಯೂಸ್, ಅಡ್ವೈಸ್, ಇನ್ಫರ್ಮೇಶನ್, ವರ್ಕ್ ಅಕ್ಕಿಯ ಸಾಲಿನಲ್ಲಿ ಕೂರುತ್ತವೆ. ಮಷಿನರಿ, ಲಗೇಜ್, ಫರ್ನಿಚರ್ ಕೂಡ. ನಿಮ್ಮ ಮೇಲಿನಲ್ಲಿ "ಆ್ಯನ್ ಇನ್ಫರ್ಮೇಶನ್" ಇದೆ. ನಾನು ತಿದ್ದಿದ ಪತ್ರಗಳಲ್ಲೆಲ್ಲ ಇದರಷ್ಟು ಸಲ ಕಂಡ ತಪ್ಪು ಇನ್ನೊಂದಿಲ್ಲ. "ಸಮ್ ಇನ್ಫರ್ಮೇಶನ್" ಅಂತ ಬರೆಯಿರಿ. ಒಂದೇ ಒಂದು ಅಂತ ಒತ್ತಿ ಹೇಳಬೇಕಾದರೆ "ಎ ಪೀಸ್ ಆಫ್ ಇನ್ಫರ್ಮೇಶನ್".

ಎ ಮತ್ತು ಆ್ಯನ್ ನಡುವಿನ ವ್ಯತ್ಯಾಸ ಬರೀ ಕಿವಿಯದು. ಮುಂದಿನ ಪದ ಸ್ವರದ ಸದ್ದಿನಿಂದ ಶುರುವಾದರೆ ಆ್ಯನ್. ಅಕ್ಷರ ನೋಡಬೇಡಿ, ಸದ್ದು ಕೇಳಿ. ಅಸಲಿಗೆ ಹಳೆಯದು ಆ್ಯನ್. "ಒಂದು" ಅನ್ನುವ ಅರ್ಥದ ವನ್ ಎಂಬ ಪದವೂ ಅದೂ ಒಂದೇ ಬೇರಿನವು. ವ್ಯಂಜನದ ಮುಂದೆ ಅದರ ನಕಾರ ಉದುರಿ ಎ ಉಳಿಯಿತು. ಇಷ್ಟು ಎಲ್ಲ ಪುಸ್ತಕದಲ್ಲೂ ಇರುತ್ತದೆ. ನಮಗೆ ಬರುವ ತೊಂದರೆ ಮಾತ್ರ ಪುಸ್ತಕದಲ್ಲಿ ಕಾಣುವುದಿಲ್ಲ.

ನಾವು ಕನ್ನಡ ಮಾತಾಡುವಾಗ ಪದದ ಮೊದಲಿನ ಎ ಸದ್ದಿಗೆ ಸಣ್ಣದೊಂದು ಯಕಾರ ಸೇರಿಸುತ್ತೇವೆ, ಒ ಸದ್ದಿಗೆ ವಕಾರ. ಬರೆಯುವುದು "ಎಲ್ಲಿ", ಬಾಯಲ್ಲಿ "ಯೆಲ್ಲಿ". ಬರೆಯುವುದು "ಒಂದು", ಬಾಯಲ್ಲಿ "ವೊಂದು". ಅದೇ ಬಾಯಿಂದ ಇಂಗ್ಲಿಷ್ ಆಡಿದಾಗ ಎಂಜಿನ್ "ಯೆಂಜಿನ್" ಆಗುತ್ತದೆ, ಓನರ್ "ವೋನರ್" ಆಗುತ್ತದೆ. ಆಗ ಕಿವಿ "ಇದು ವ್ಯಂಜನ" ಅಂತ ಹೇಳಿ ಎ ಹಾಕಿಸಿಬಿಡುತ್ತದೆ. ಅವು "ಆ್ಯನ್ ಎಂಜಿನ್", "ಆ್ಯನ್ ಓನರ್", "ಆ್ಯನ್ ಎಂಪ್ಟಿ ಬ್ಯಾಗ್". ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ನಿಜವಾಗಿಯೂ ಯ, ವ ಸದ್ದಿರುವ ಪದಗಳಿವೆ. ಯೂನಿಟ್, ಯುಪಿಐ, ಇಯರ್ ಅಂತ ನಾವು ಎಳೆದು ಹೇಳುವ ವರ್ಷದ ಪದ, ವನ್ ಡೇ. ಇವಕ್ಕೆ ಎ. ಕಿವಿ ಅನ್ನುವ ಪದಕ್ಕೆ ಆ್ಯನ್, ವರ್ಷ ಅನ್ನುವ ಪದಕ್ಕೆ ಎ. ನಮ್ಮ ಬಾಯಲ್ಲಿ ಆ ಎರಡೂ ಒಂದೇ ಥರ ಕೇಳುತ್ತವೆ, ಇಂಗ್ಲಿಷಿನಲ್ಲಿ ಬೇರೆ ಬೇರೆ. ಗಂಟೆಗೆ ಇರುವ ಪದ ಅವರ್, ಅಲ್ಲಿ ಬರೆದ ಹಕಾರ ಸದ್ದು ಮಾಡಲ್ಲ, ಆದ್ದರಿಂದ ಆ್ಯನ್. ಬಿಡಿ ಅಕ್ಷರಗಳ ಪದಗಳಲ್ಲೂ ಮೊದಲ ಅಕ್ಷರದ ಹೆಸರನ್ನು ಉಚ್ಚರಿಸಿ ನೋಡಿ. ಆರ್‌ಟಿಜಿಎಸ್ "ಆ"ದಿಂದ ಶುರು, ಹಾಗಾಗಿ "ಆ್ಯನ್ ಆರ್‌ಟಿಜಿಎಸ್ ಪೇಮೆಂಟ್". ಜಿಎಸ್‌ಟಿ "ಜ"ದಿಂದ, ಹಾಗಾಗಿ "ಎ ಜಿಎಸ್‌ಟಿ ಬಿಲ್".

ಈಗ ನಿಮ್ಮ ಮೇಲ್. ನೀವು ಬರೆದದ್ದು ಹೀಗಿದೆ.

"ಸರ್, ವಿ ಸೆಂಟ್ ಲಾರಿ ಆನ್ ಮಂಡೇ. ಡ್ರೈವರ್ ಗೇವ್ ಬಿಲ್ ಟು ದ ಯುವರ್ ಕ್ಲರ್ಕ್. ಕ್ಲರ್ಕ್ ಸೇಸ್ ದೇರ್ ಈಸ್ ಮಿಸ್ಟೇಕ್ ಇನ್ ವೇಟ್. ವಿ ಯೂಸ್ ಎ ಎಲೆಕ್ಟ್ರಾನಿಕ್ ವೇಬ್ರಿಜ್. ಪ್ಲೀಸ್ ಗಿವ್ ಆ್ಯನ್ ಇನ್ಫರ್ಮೇಶನ್ ಅಬೌಟ್ ಬ್ಯಾಲೆನ್ಸ್."

ಒಂದೊಂದೇ ನಾಮಪದ ಹಿಡಿದು ಹೋಗೋಣ. ಲಾರಿಯನ್ನು ಆ ವ್ಯಾಪಾರಿಗೆ ನೀವು ಮೊದಲ ಸಲ ಹೇಳುತ್ತಿದ್ದರೆ "ಎ ಲಾರಿ". ಸೋಮವಾರ ಲಾರಿ ಬರುತ್ತದೆ ಅಂತ ಫೋನಿನಲ್ಲಿ ಹೇಳಿ ಆಗಿದ್ದರೆ "ದ ಲಾರಿ". ಎರಡೂ ಸರಿ, ಯಾವುದು ಅಂತ ನಿಮಗೇ ಗೊತ್ತು. ಮಂಡೇ ಒಂದು ಹೆಸರು, ಏನೂ ಬೇಡ. ಡ್ರೈವರ್ ಲಾರಿಯ ಸಂಸಾರದವನು, ಚೈನ್ ಥರ, ಆದ್ದರಿಂದ ದ. ಒಂದು ಲೋಡಿಗೆ ಒಂದು ಬಿಲ್, ಅಲ್ಲೂ ದ. "ಯುವರ್ ಕ್ಲರ್ಕ್" ಮುಂದೆ ನೀವು ಹಾಕಿದ ದ ತೆಗೆದುಬಿಡಿ. ಯುವರ್, ಮೈ, ಅವರ್, ದಿಸ್, ದಟ್ ಇವು ಕೂತಿರುವ ಕುರ್ಚಿಯೇ ದ ಕೂರುವ ಕುರ್ಚಿ. ಇಬ್ಬರು ಒಟ್ಟಿಗೆ ಕೂರುವ ಹಾಗಿಲ್ಲ. ಮುಂದಿನ ವಾಕ್ಯದಲ್ಲಿ ಕ್ಲರ್ಕ್ ಎರಡನೇ ಸಲ ಬಂದ, ಅಲ್ಲಿ ಶಾಲೆಯ ಪಾಠ ಸರಿಯಾಗಿ ಕೆಲಸ ಮಾಡುತ್ತದೆ, "ದ ಕ್ಲರ್ಕ್".

ಮಿಸ್ಟೇಕ್ ನೋಡಿ. ಕನ್ನಡದಲ್ಲಿ "ತೂಕದಲ್ಲಿ ತಪ್ಪಿದೆ" ಅನ್ನುತ್ತೀರಿ. ತಪ್ಪು ಹಿಂದೆ ಬಂದಿದೆ, ಗೇಟಿನ ಹತ್ತಿರ ನಿಂತ ಯಾವುದೋ ಲಾರಿ ಥರ. ಆದ್ದರಿಂದ "ಎ ಮಿಸ್ಟೇಕ್". "ದೇರ್ ಈಸ್" ಅಂತ ಶುರು ಮಾಡಿದ ಕಡೆ ಹೆಚ್ಚಾಗಿ ಹೀಗೇ ಆಗುತ್ತದೆ, ಯಾಕೆಂದರೆ ಆ ವಾಕ್ಯ ಇರುವುದೇ ಹೊಸದನ್ನು ತೋರಿಸಲು. ತೂಕ ಮಾತ್ರ ಆ ಲೋಡಿನ ತೂಕ, ಒಂದೇ, "ದ ವೇಟ್". ಕಾಟಾ ವಿಷಯದಲ್ಲಿ ನೀವು ಎ ಹಾಕಬೇಕು ಅಂತ ಗುರುತಿಸಿದ್ದೀರಿ, ಅದು ಸರಿ. ಆದರೆ ಅದು ಅಂಟುವುದು ವೇಬ್ರಿಜ್ ಪದದ ಸದ್ದಿಗೆ ಅಲ್ಲ, ತನ್ನ ಪಕ್ಕದಲ್ಲೇ ನಿಂತ ಎಲೆಕ್ಟ್ರಾನಿಕ್ ಪದದ ಸದ್ದಿಗೆ. ಹಾಗಾಗಿ ಆ್ಯನ್. ನೀವು ಅದನ್ನು "ಯೆಲೆಕ್ಟ್ರಾನಿಕ್" ಅಂತ ಓದಿಕೊಂಡಿರಬೇಕು. ಬ್ಯಾಲೆನ್ಸ್ ಅಂದರೆ ಈ ಲೆಕ್ಕದಲ್ಲಿ ಉಳಿದ ಬಾಕಿ, ಇಬ್ಬರಿಗೂ ಗೊತ್ತಿರುವುದು, ದ.

"ಸರ್, ವಿ ಸೆಂಟ್ ಎ ಲಾರಿ ಆನ್ ಮಂಡೇ. ದ ಡ್ರೈವರ್ ಗೇವ್ ದ ಬಿಲ್ ಟು ಯುವರ್ ಕ್ಲರ್ಕ್. ದ ಕ್ಲರ್ಕ್ ಸೇಸ್ ದೇರ್ ಈಸ್ ಎ ಮಿಸ್ಟೇಕ್ ಇನ್ ದ ವೇಟ್. ವಿ ಯೂಸ್ ಆ್ಯನ್ ಎಲೆಕ್ಟ್ರಾನಿಕ್ ವೇಬ್ರಿಜ್. ಪ್ಲೀಸ್ ಗಿವ್ ಅಸ್ ಸಮ್ ಇನ್ಫರ್ಮೇಶನ್ ಅಬೌಟ್ ದ ಬ್ಯಾಲೆನ್ಸ್."

ಇದರಲ್ಲಿ ಒಂದು ತಪ್ಪಾದರೆ ಅರ್ಥವೇ ಬದಲಾಗುವ ಜಾಗ ಯಾವುದು ಅಂತ ಕೇಳಿದರೆ, ಲಾರಿ. "ಪ್ಲೀಸ್ ಸೆಂಡ್ ಎ ಲಾರಿ" ಅಂದರೆ ಯಾವುದಾದರೂ ಲಾರಿ ಕಳಿಸಿ. "ಪ್ಲೀಸ್ ಸೆಂಡ್ ದ ಲಾರಿ" ಅಂದರೆ ನಾವು ಮಾತಾಡಿಕೊಂಡ ಆ ಲಾರಿಯನ್ನೇ ಕಳಿಸಿ. ಓದಿದವನು ಯಾವ ಲಾರಿ ಅಂತ ಹಳೆಯ ಮೇಲ್‌ಗಳನ್ನು ಹುಡುಕುತ್ತಾ ಕೂತರೆ ನಿಮ್ಮ ಲೋಡು ಒಂದು ದಿನ ತಡವಾಗುತ್ತದೆ. ಉಳಿದ ಕಡೆ ತಪ್ಪಿದರೆ ಓದುವವನಿಗೆ ಕಲ್ಲು ಸಿಕ್ಕ ಅನ್ನದ ಹಾಗೆ ಇರುತ್ತದೆ, ಆದರೆ ವಿಷಯ ತಿಳಿಯುತ್ತದೆ. "ಲಾರಿಯಲ್ಲಿ ಕಳಿಸಿದೆವು" ಅಂತ ಸಾಗಿಸಿದ ರೀತಿ ಹೇಳುವಾಗ ಮಾತ್ರ "ಬೈ ಲಾರಿ", ಅಲ್ಲಿ ಎ, ದ ಎರಡೂ ಇಲ್ಲ. ಬೈ ಟ್ರೇನ್, ಬೈ ಬಸ್ ಕೂಡ ಹಾಗೇ. ಅಲ್ಲಿ ಒಂದು ಲಾರಿಯ ಮಾತಿಲ್ಲ, ದಾರಿಯ ಮಾತಿದೆ.

ಊರು, ನದಿಗಳ ಹೆಸರಿಗೆ ಮೇಲಿನ ಪರೀಕ್ಷೆ ನಡೆಯುವುದಿಲ್ಲ, ಅವನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು. ಗಂಗಾವತಿ, ಸಿಂಧನೂರು, ಬಳ್ಳಾರಿ, ನಮ್ಮ ಕಡೆಯ ಯಾವ ಊರಿನ ಹೆಸರಿಗೂ ದ ಇಲ್ಲ. ನದಿಗಳಿಗೆ ಇದೆ. ರಾಯಚೂರು ಜಿಲ್ಲೆ ಇರುವುದು "ದ ಕೃಷ್ಣಾ" ಮತ್ತು "ದ ತುಂಗಭದ್ರಾ" ನಡುವೆ. ಅಂಜನಾದ್ರಿಯಂಥ ಒಂಟಿ ಬೆಟ್ಟದ ಹೆಸರಿಗೆ ಇಲ್ಲ.

ಮುಂದಿನ ಮೇಲ್ ಕಳಿಸುವ ಮೊದಲು ಒಂದು ಕೆಲಸ ಮಾಡಿ. ಬರೆದು ಮುಗಿಸಿದ ಮೇಲೆ ನಾಮಪದಗಳ ಮೇಲೆ ಮಾತ್ರ ಬೆರಳಿಟ್ಟು ಹೋಗಿ. ಯಾವುದರ ಮುಂದೆ ಏನೂ ಇಲ್ಲವೋ, ಹಿಂದೆ ಬಹುವಚನದ ಸಕಾರವೂ ಇಲ್ಲವೋ, ಅಲ್ಲಿ ನಿಲ್ಲಿ. ಅದು ಅಕ್ಕಿಯಂತೆ ಅಳೆಯುವಂಥದ್ದಾ, ಇಲ್ಲಾ ಹೆಸರಾ? ಎರಡೂ ಅಲ್ಲದಿದ್ದರೆ ಅಲ್ಲಿ ಏನೋ ಬಿಟ್ಟುಹೋಗಿದೆ. ನಿಮ್ಮ ಮೇಲಿನಲ್ಲಿ ಲಾರಿ, ಡ್ರೈವರ್, ಬಿಲ್, ಕ್ಲರ್ಕ್, ಮಿಸ್ಟೇಕ್, ಈ ಐದೂ ಆ ಒಂದು ಓದಿನಲ್ಲೇ ಸಿಕ್ಕಿಬೀಳುತ್ತಿದ್ದವು. ವೇಟ್ ಮತ್ತು ಬ್ಯಾಲೆನ್ಸ್ ತಪ್ಪಿಸಿಕೊಳ್ಳುತ್ತಿದ್ದವು, ಯಾಕೆಂದರೆ ಅವು ಅಳೆಯುವ ಪದಗಳ ಹಾಗೆ ಕಾಣುತ್ತವೆ. ಅವೆರಡಕ್ಕೆ ಮಾತ್ರ "ಯಾವ ತೂಕ? ಯಾವ ಬಾಕಿ?" ಅಂತ ಬೇರೆಯಾಗಿ ಕೇಳಿಕೊಳ್ಳಬೇಕು.